ಒಂದು ಜಿಬಿ ಫೋನಿನಲ್ಲಿ ಅಕ್ಷರಮಾಲೆ

2016ರ ಸುಮಾರಿಗೆ ನಾನು ಬೆಂಗಳೂರಿನ ಒಂದು ಸಣ್ಣ ಗೇಮ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಆಗ ನಾವು ಮಾಡುತ್ತಿದ್ದದ್ದು ಮಕ್ಕಳಿಗೆ ಕನ್ನಡ ವರ್ಣಮಾಲೆ ಕಲಿಸುವ ಆಟ. ಅಕ್ಷರ ಮುಟ್ಟಿದರೆ ಉಚ್ಚಾರಣೆ ಕೇಳಿಸುತ್ತದೆ, ಪಕ್ಕದಲ್ಲಿ ಚಿತ್ರ ಕುಣಿಯುತ್ತದೆ, ಸರಿಯಾಗಿ ಬರೆದರೆ ಸ್ಟಿಕರ್ ಸಿಗುತ್ತದೆ. ಆಫೀಸಿನ ಫೋನುಗಳಲ್ಲೆಲ್ಲ ಅದು ಸಲೀಸಾಗಿ ಓಡುತ್ತಿತ್ತು. ಪ್ಲೇ ಸ್ಟೋರಿಗೆ ಹಾಕಿದ ಮೇಲೆ ದೂರುಗಳು ಶುರುವಾದವು, ಎಲ್ಲವೂ ಹೆಚ್ಚುಕಮ್ಮಿ ಒಂದೇ ಧಾಟಿಯವು. ‘ಅ ಆ ಬಂದ ಕೂಡ್ಲೇ ಬಂದ್ ಆಗ್ತೈತ್ರಿ’ ಎಂದು ಒಬ್ಬರು ಬರೆದಿದ್ದರು. ಅದಕ್ಕಿಂತ ಚೆನ್ನಾಗಿ ಸಮಸ್ಯೆಯನ್ನು ವಿವರಿಸಿದವರನ್ನು ನಾನು ಆಮೇಲೂ ನೋಡಿಲ್ಲ.

ದೂರು ಕೊಟ್ಟವರ ಫೋನುಗಳ ಪಟ್ಟಿ ಮಾಡಿದಾಗ ಒಂದು ಸಾಮ್ಯ ಕಂಡಿತು. ಹೆಚ್ಚಿನವು 1 ಜಿಬಿ ರ‍್ಯಾಮಿನವು, ಅವುಗಳಲ್ಲಿದ್ದ ಗ್ರಾಫಿಕ್ಸ್ ಚಿಪ್ ಮಾಲಿ-400. 2014ರಲ್ಲಿ ಆಂಡ್ರಾಯ್ಡ್ ಒನ್ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮೊದಲು ಬಂದ ಫೋನುಗಳಲ್ಲೂ ಇದೇ ಜೋಡಿ, ಜೊತೆಗೆ 854×480ರ ತೆರೆ. ಅಪ್ಪ ಅಮ್ಮ ಹೊಸ ಫೋನು ತೆಗೆದುಕೊಂಡಾಗ ಹಳೆಯದು ಮಕ್ಕಳ ಕೈಗೆ ಹೋಗುವುದು ಎಲ್ಲ ಮನೆಗಳಲ್ಲೂ ಇರುವ ಕ್ರಮ. ಅಂದರೆ ನಮ್ಮ ಆಟ ಯಾರಿಗಾಗಿ ಇತ್ತೋ ಅವರ ಕೈಯಲ್ಲಿದ್ದದ್ದೇ ಈ ಫೋನು. ಎಸ್‌ಪಿ ರೋಡಿನಲ್ಲಿ ಅಂಥದೊಂದು ಸೆಕೆಂಡ್ ಹ್ಯಾಂಡ್ ಸೆಟ್ ತಂದು ಯುಎಸ್‌ಬಿ ಕೇಬಲ್ ಸಿಕ್ಕಿಸಿದೆವು.

ಮೊದಲಿಗೆ ಗೊಂದಲವಾದದ್ದು, ಕ್ರ್ಯಾಶ್ ರಿಪೋರ್ಟಿನಲ್ಲಿ ಏನೂ ಇರಲಿಲ್ಲ ಎನ್ನುವುದು. ಸಾಮಾನ್ಯವಾಗಿ ಆ್ಯಪ್ ಬಿದ್ದರೆ ಯಾವ ಸಾಲಿನಲ್ಲಿ ಬಿತ್ತು ಎಂಬ ಜಾಡು ಸಿಗುತ್ತದೆ. ಇಲ್ಲಿ ಆಟ ತನ್ನಷ್ಟಕ್ಕೆ ಬಿದ್ದದ್ದಲ್ಲ, ಅದನ್ನು ಸಿಸ್ಟಮ್ಮೇ ಕೊಂದಿತ್ತು. ಆಂಡ್ರಾಯ್ಡಿನಲ್ಲಿ ಲೋ ಮೆಮೊರಿ ಕಿಲ್ಲರ್ ಎಂಬ ವ್ಯವಸ್ಥೆ ಇದೆ. ರ‍್ಯಾಮ್ ತಳ ಕಾಣತೊಡಗಿದಾಗ ಅದು ಮೊದಲು ಹಿನ್ನೆಲೆಯಲ್ಲಿ ಮಲಗಿರುವ ಆ್ಯಪುಗಳನ್ನು ಮುಗಿಸುತ್ತದೆ, ಆಮೇಲೂ ಸಾಲದಿದ್ದರೆ ಕಣ್ಣೆದುರು ಓಡುತ್ತಿರುವುದಕ್ಕೇ ಕೈ ಹಾಕುತ್ತದೆ. ಅದು ಕಳಿಸುವ ಸಿಗ್ನಲ್ ಒಂಬತ್ತನ್ನು ಯಾವ ಪ್ರೋಗ್ರಾಮೂ ತಡೆದು ನಿಲ್ಲಿಸುವಂತಿಲ್ಲ. ಹಾಗಾಗಿ ರಿಪೋರ್ಟ್ ಬರೆಯಲು ಆಟಕ್ಕೆ ಪುರಸೊತ್ತೇ ಸಿಗುವುದಿಲ್ಲ. ಆಗಿನ ಫೋನುಗಳ ಕರ್ನಲ್ ಲಾಗಿನಲ್ಲಿ `lowmemorykiller` ಎಂಬ ಸಾಲು, ಅದರಲ್ಲಿ ನಮ್ಮ ಆಟದ ಹೆಸರು, ಪಕ್ಕದಲ್ಲಿ `adj 0` ಎಂದು ಇದ್ದರೆ ಸಂಶಯವೇ ಬೇಡ. ಆ ಸೊನ್ನೆಯ ಅರ್ಥ, ಬಲಿಯಾದದ್ದು ಮುಂದೆ ಓಡುತ್ತಿದ್ದ ಆ್ಯಪೇ ಎಂದು.

ನಮ್ಮಲ್ಲೊಬ್ಬ ಹುಡುಗ ಉತ್ಸಾಹದಿಂದ ಮ್ಯಾನಿಫೆಸ್ಟ್ ಫೈಲಿನಲ್ಲಿ `android:largeHeap="true"` ಎಂದು ಸೇರಿಸಿ, ‘ಈಗ ನೋಡಿ ಸರ್’ ಅಂದ. ಏನೂ ಬದಲಾಗಲಿಲ್ಲ. ಅದು ಹಿಗ್ಗಿಸುವುದು ಜಾವಾ ಹೀಪನ್ನು. ಟೆಕ್ಸ್ಚರುಗಳು ಅಲ್ಲಿ ಇರುವುದೇ ಇಲ್ಲ. ಮೊಬೈಲಿನಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಪ್ರತ್ಯೇಕ ಮೆಮೊರಿ ಅಂತ ಇರುವುದಿಲ್ಲ, ಇರುವ ಒಂದೇ ರ‍್ಯಾಮಿನಲ್ಲಿ ಡ್ರೈವರ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹೀಗಾಗಿ ನಮ್ಮ ಕೋಡಿನ ಲೆಕ್ಕದಲ್ಲಿ ಕಾಣದ ಖರ್ಚು ಫೋನಿನ ಲೆಕ್ಕದಲ್ಲಿ ಕಾಣುತ್ತದೆ. ಅದನ್ನು ನೋಡಲು ನಾವು ಬಳಸಿದ್ದು ಈ ಒಂದು ಸಾಲು:

```
adb shell dumpsys meminfo com.example.akshara
```

ಆಟ ತೆರೆದ ಕೂಡಲೇ ಒಮ್ಮೆ, ಮೊದಲ ಪರದೆಯಲ್ಲಿ ಒಮ್ಮೆ, ಅಕ್ಷರದ ಪರದೆಗೆ ಕಾಲಿಡುವ ಗಳಿಗೆಯಲ್ಲಿ ಒಮ್ಮೆ ಓಡಿಸಿ ಒಟ್ಟು ಮೊತ್ತದ ಏರಿಕೆ ನೋಡುವುದು. ಹೊಸ ಫೋನುಗಳಲ್ಲಿ ಗ್ರಾಫಿಕ್ಸಿನ ಪಾಲು `GL mtrack` ಎಂಬ ಸಾಲಿನಲ್ಲಿ ಬೇರೆಯಾಗಿ ಬರುತ್ತದೆ. ಹಳೆಯ ಡ್ರೈವರುಗಳು ಅದನ್ನು `Gfx dev` ಎಂದೋ `Unknown` ಎಂದೋ ಎಲ್ಲೆಲ್ಲೋ ಸೇರಿಸಿಬಿಡುತ್ತವೆ. ಆದ್ದರಿಂದ ಒಂದು ಸಾಲನ್ನು ನಂಬುವುದಕ್ಕಿಂತ ಮೊತ್ತದ ವ್ಯತ್ಯಾಸ ನೋಡುವುದೇ ಸರಿ. ಅಕ್ಷರದ ಪರದೆಗೆ ಹೋಗುವ ಹೊತ್ತಿಗೆ ಆ ಮೊತ್ತ ನೂರು ಎಂಬಿಗೂ ಮೇಲೆ ಒಂದೇ ಏಟಿಗೆ ಜಿಗಿಯುತ್ತಿತ್ತು. ಅದೇ ಆಟ ಆಫೀಸಿನ ಹೊಸ ಫೋನಿನಲ್ಲಿ ಅದೇ ಜಾಗದಲ್ಲಿ ಅದರ ಕಾಲುಭಾಗ ಮಾತ್ರ ಏರುತ್ತಿತ್ತು. ಎರಡಕ್ಕೂ ಹಾಕಿದ್ದು ಒಂದೇ ಎಪಿಕೆ!

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಆಟದ ಚಿತ್ರಗಳೆಲ್ಲ ಆರು ದೊಡ್ಡ ಹಾಳೆಗಳಲ್ಲಿ ಒಟ್ಟುಗೂಡಿದ್ದವು. ಗೇಮ್ ಮಾಡುವವರು ಇದನ್ನು ಅಟ್ಲಾಸ್ ಅನ್ನುತ್ತಾರೆ. ಬಿಡಿ ಚಿತ್ರಗಳನ್ನು ಒಂದೇ ಹಾಳೆಗೆ ಅಂಟಿಸಿಟ್ಟರೆ ಚಿಪ್ಪು ಪದೇ ಪದೇ ಟೆಕ್ಸ್ಚರ್ ಬದಲಿಸಬೇಕಾಗುವುದಿಲ್ಲ, ಚಿತ್ರ ಬಿಡಿಸುವ ಆಜ್ಞೆಗಳು ಕಡಿಮೆಯಾಗುತ್ತವೆ. ನಮ್ಮ ಪ್ರತಿ ಹಾಳೆ 2048×2048. ಕಂಪ್ರೆಶನ್ ಇಲ್ಲದೆ ಇಟ್ಟರೆ ಒಂದೊಂದು ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್. ಹಾಳೆಗೆ 16 ಎಂಬಿ. ಪಿಎನ್‌ಜಿ ಫೈಲಾಗಿ ಡಿಸ್ಕಿನಲ್ಲಿ ಅದು ಒಂದು ಎಂಬಿಯೂ ಇಲ್ಲದಿರಬಹುದು, ಆ ಸಣ್ಣತನ ರ‍್ಯಾಮಿಗೆ ಏನೂ ಉಪಯೋಗವಿಲ್ಲ. ಚಿಪ್ಪಿಗೆ ಪಿಎನ್‌ಜಿ ಓದಲು ಬರುವುದಿಲ್ಲವಾದ್ದರಿಂದ ಬಿಡಿಸಿಯೇ ಕೊಡಬೇಕು.

ಟೆಕ್ಸ್ಚರ್ ಕಂಪ್ರೆಶನ್ ಬೇರೆ ಜಾತಿಯದು. ಇಟಿಸಿ, ಪಿವಿಆರ್‌ಟಿಸಿ, ಎಎಸ್‌ಟಿಸಿ ಮುಂತಾದ ಫಾರ್ಮ್ಯಾಟುಗಳನ್ನು ಚಿಪ್ಪು ಕುಗ್ಗಿದ ಸ್ಥಿತಿಯಲ್ಲೇ ಮೆಮೊರಿಯಲ್ಲಿ ಇಟ್ಟುಕೊಂಡು, ಬೇಕಾದ ಚೂರನ್ನು ಬೇಕಾದಾಗ ಬಿಡಿಸಿಕೊಳ್ಳುತ್ತದೆ. ನಮ್ಮ ಆಟದಲ್ಲಿ ಆರಿಸಿದ್ದದ್ದು ಇಟಿಸಿ2. ಪಾರದರ್ಶಕತೆ ಸೇರಿ ಪಿಕ್ಸೆಲ್ಲಿಗೆ ಒಂದು ಬೈಟ್, ಹಾಳೆಗೆ 4 ಎಂಬಿ, ಆರು ಹಾಳೆಗೆ 24. ಆಫೀಸಿನ ಫೋನು ತೋರಿಸುತ್ತಿದ್ದದ್ದು ಹೆಚ್ಚುಕಮ್ಮಿ ಇದನ್ನೇ. ಆದರೆ ಇಟಿಸಿ2 ಕಡ್ಡಾಯವಾಗಿ ಬಂದದ್ದು ಓಪನ್ ಜಿಎಲ್ ಇಎಸ್ 3.0ರ ಜೊತೆ. ಮಾಲಿ-400 ಅದಕ್ಕೂ ಹಿಂದಿನ ತಲೆಮಾರಿನದು, 2.0ರವರೆಗೆ ಮಾತ್ರ. ಅದಕ್ಕೆ ಇಟಿಸಿ2 ಗೊತ್ತಿಲ್ಲ. ಗೊತ್ತಿಲ್ಲದ ಫಾರ್ಮ್ಯಾಟ್ ಬಂದಾಗ ನಾವು ಬಳಸುತ್ತಿದ್ದ ಯೂನಿಟಿ ಎಂಜಿನ್ ಆಟ ನಿಲ್ಲಿಸುವುದಿಲ್ಲ, ಎಚ್ಚರಿಕೆಯ ಪರದೆಯನ್ನೂ ತೋರಿಸುವುದಿಲ್ಲ. ಲೋಡ್ ಮಾಡುವಾಗಲೇ ಹಾಳೆಯನ್ನು ಪೂರ್ತಿ ಬಿಡಿಸಿ, ನಾಲ್ಕು ಬೈಟಿನ ರೂಪಕ್ಕೆ ತಂದು ಚಿಪ್ಪಿಗೆ ಕೊಡುತ್ತದೆ. ಅಂದರೆ ಬಡ ಫೋನಿನಲ್ಲಿ 96 ಎಂಬಿ. ಜೊತೆಗೆ ಮಿಪ್‌ಮ್ಯಾಪ್ ಆಯ್ಕೆ ಆನ್ ಆಗಿತ್ತು. ದೂರದ ವಸ್ತುಗಳಿಗಾಗಿ ಅರ್ಧ, ಕಾಲು, ಅರೆಕಾಲು ಗಾತ್ರದ ನಕಲುಗಳನ್ನು ಇಟ್ಟುಕೊಳ್ಳುವ ಏರ್ಪಾಡು ಅದು, ಮೂರನೇ ಒಂದರಷ್ಟು ಮೆಮೊರಿ ಹೆಚ್ಚು ತಿನ್ನುತ್ತದೆ. ಅಲ್ಲಿಗೆ 128 ಎಂಬಿ. ಚಪ್ಪಟೆ 2ಡಿ ಆಟದಲ್ಲಿ ದೂರದ ವಸ್ತು ಎಲ್ಲಿಂದ ಬರಬೇಕು? ಮಿಪ್‌ಮ್ಯಾಪ್ ಆಫ್ ಮಾಡಿದ್ದು ಎಲ್ಲಕ್ಕಿಂತ ಸುಲಭದ ಕೆಲಸ.

ಎಂಜಿನ್ನಿನ ಈ ಮೌನ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಚಿತ್ರ ಕಪ್ಪಾಗಿ ಕಂಡರೆ ಯಾರಾದರೂ ಕೇಳುತ್ತಾರೆ. ಇಲ್ಲಿ ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ ಹೇಳಬೇಕೆಂದರೆ ಹಳೆಯ ಫೋನಿನ ಲೆಕ್ಕಕ್ಕೆ ಅತಿ ದುಬಾರಿಯಾಗಿ ಕಾಣುತ್ತದೆ. ಹೆಚ್ಚು ಮೆಮೊರಿ ಇರುವ ಫೋನು ಕಡಿಮೆ ಖರ್ಚು ಮಾಡುತ್ತದೆ, ಕಡಿಮೆ ಇರುವುದು ನಾಲ್ಕು ಪಟ್ಟು ತೆರುತ್ತದೆ.

ಮಾಲಿ-400ಕ್ಕೆ ಗೊತ್ತಿದ್ದ ಕಂಪ್ರೆಶನ್ ಇಟಿಸಿ1. ಆಂಡ್ರಾಯ್ಡ್ ಫೋನುಗಳಲ್ಲಿ ಇಎಸ್ 2.0 ಇರುವ ಕಡೆಯೆಲ್ಲ ಅದು ನಡೆಯುತ್ತದೆ, ಪಿಕ್ಸೆಲ್ಲಿಗೆ ಅರ್ಧ ಬೈಟ್ ಸಾಕು. ತೊಡಕೆಂದರೆ ಅದರಲ್ಲಿ ಪಾರದರ್ಶಕತೆಗೆ ಜಾಗವಿಲ್ಲ. ಸುತ್ತುವ ದಾರಿ ಇದೆ. ಬಣ್ಣಕ್ಕೊಂದು ಇಟಿಸಿ1 ಹಾಳೆ, ಪಾರದರ್ಶಕತೆಯನ್ನೇ ಕಪ್ಪುಬಿಳುಪು ಚಿತ್ರವಾಗಿ ಇನ್ನೊಂದು ಇಟಿಸಿ1 ಹಾಳೆ, ಎರಡನ್ನೂ ಶೇಡರ್ ತೆರೆಯ ಮೇಲೆ ಕೂಡಿಸುತ್ತದೆ. ಆಗಿನ ಯೂನಿಟಿಯಲ್ಲಿ ಇದಕ್ಕೆ `Compress using ETC1 (split alpha channel)` ಎಂಬ ಗುರುತುಪೆಟ್ಟಿಗೆಯೇ ಇತ್ತು. ಎರಡು ಹಾಳೆ ಸೇರಿದರೂ ಪಿಕ್ಸೆಲ್ಲಿಗೆ ಒಂದೇ ಬೈಟ್, ಇಟಿಸಿ2 ಎಷ್ಟು ತಿನ್ನುತ್ತಿತ್ತೋ ಅಷ್ಟೇ. ಚೌಕದಲ್ಲಿ ಟಿಕ್ ಹಾಕಿದೆವು, ಆಟ ಬೀಳುವುದು ನಿಂತಿತು. ಆದರೆ ನಮ್ಮ ಆರ್ಟಿಸ್ಟ್ ಪರದೆ ನೋಡಿ, ‘ಇದೇನ್ ಸರ್, ಕ್ಷ ಅಕ್ಷರಕ್ಕೆ ಕಜ್ಜಿ ಆಗಿದೆಯಲ್ಲ’ ಅಂದರು.

ಆಕೆ ಹೇಳಿದ್ದು ಸರಿಯಿತ್ತು. ಅಕ್ಷರಗಳನ್ನು ಹಸಿರು ಬಿಲ್ಲೆಯ ಮೇಲೆ ಕೆಂಪಾಗಿ ಬಿಡಿಸಿದ್ದರು. ಇಟಿಸಿ1 ಚಿತ್ರವನ್ನು 4×4 ಪಿಕ್ಸೆಲ್ಲಿನ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ಎರಡು ಅರ್ಧ ಮಾಡಿ, ಒಂದೊಂದು ಅರ್ಧಕ್ಕೆ ಒಂದೇ ಮೂಲ ಬಣ್ಣ ಕೊಡುತ್ತದೆ. ಆ ಅರ್ಧದೊಳಗಿನ ಎಂಟು ಪಿಕ್ಸೆಲ್ಲುಗಳು ಆ ಬಣ್ಣಕ್ಕಿಂತ ಸ್ವಲ್ಪ ತಿಳಿ ಅಥವಾ ಸ್ವಲ್ಪ ಗಾಢ ಆಗಬಹುದೇ ಹೊರತು ಬೇರೆ ಬಣ್ಣ ಆಗುವಂತಿಲ್ಲ. ಆಕಾಶ, ಹುಲ್ಲು, ಆನೆಯ ಬೆನ್ನು ಇಂಥವಕ್ಕೆ ಇದು ಧಾರಾಳ ಸಾಕು. ಕೆಂಪು ಗೆರೆ ಹಸಿರಿನೊಳಗೆ ಹಾದುಹೋಗುವ ಕಡೆ ಎರಡೂ ಕಲಸಿ ಕಂದು ಕಂದಾದ ಚುಕ್ಕೆಗಳಾಗುತ್ತವೆ. ನಮ್ಮ ಲಿಪಿಯಲ್ಲಿ ನೇರ ಗೆರೆ ಕಡಿಮೆ, ತಿರುವುಗಳೇ ಹೆಚ್ಚು. ತಲೆಕಟ್ಟಿನ ತುದಿ, ಒತ್ತಿನ ಸಣ್ಣ ಸುರುಳಿ, ಠ ಅಕ್ಷರದ ನಡುವಿನ ಚುಕ್ಕೆ ಎಲ್ಲವೂ ಆ ನಾಲ್ಕು ಪಿಕ್ಸೆಲ್ಲಿನ ಅಳತೆಯ ಆಸುಪಾಸಿನವೇ. ಅಕ್ಷರ ಕಲಿಸುವ ಆಟದಲ್ಲಿ ಅಕ್ಷರವೇ ಮಸುಕಾದರೆ ಉಳಿದದ್ದು ಯಾತಕ್ಕೆ?

ಹಾಗಾಗಿ ಅಕ್ಷರಗಳನ್ನು ಚಿತ್ರಗಳಿಂದ ಬೇರೆ ಮಾಡಿದೆವು. ಅಕ್ಷರಕ್ಕೆ ಬಣ್ಣ ಬೇಕಿಲ್ಲ, ಆಕಾರ ಸಾಕು. ಬಣ್ಣವನ್ನು ಬಿಡಿಸುವ ಹೊತ್ತಿಗೆ ಶೇಡರ್ ತುಂಬಿಕೊಳ್ಳುತ್ತದೆ. ಬರೀ ಪಾರದರ್ಶಕತೆ ಮಾತ್ರ ಇರುವ ಫಾರ್ಮ್ಯಾಟಿಗೆ `Alpha 8` ಎನ್ನುತ್ತಾರೆ. ಕಂಪ್ರೆಶನ್ ಇಲ್ಲ, ಪಿಕ್ಸೆಲ್ಲಿಗೆ ಒಂದು ಬೈಟ್, ಅಂಚು ಮೂಲದಲ್ಲಿದ್ದಷ್ಟೇ ನಯ. 1024×1024ರ ಒಂದು ಹಾಳೆಯಲ್ಲಿ 256ರ ಹದಿನಾರು ಮನೆಗಳಾಗುತ್ತವೆ. ಸ್ವರಗಳು ಹದಿಮೂರು, ಅವರ್ಗೀಯ ಒಂಬತ್ತು, ಎರಡಕ್ಕೂ ಒಂದೊಂದು ಹಾಳೆ. ಕ, ಚ, ಟ ವರ್ಗಗಳ ಹದಿನೈದು ಒಂದರಲ್ಲಿ, ತ ಮತ್ತು ಪ ವರ್ಗಗಳ ಹತ್ತು ಇನ್ನೊಂದರಲ್ಲಿ. ಯಾವ ಹೊತ್ತಿನಲ್ಲೂ ಮೆಮೊರಿಯಲ್ಲಿ ಬೇಕಾದದ್ದು ಒಂದೇ ಹಾಳೆ, 1 ಎಂಬಿ. ಇದರಲ್ಲಿ ಕಳೆದುಕೊಂಡದ್ದು ಆಕೆ ಅಕ್ಕರೆಯಿಂದ ಬಿಡಿಸಿದ್ದ ಹಳದಿ ಅಂಚನ್ನು. ಆಮೇಲೆ ಅದೇ ಅಕ್ಷರವನ್ನು ಹಳದಿಯಲ್ಲಿ ತುಸು ದೊಡ್ಡದಾಗಿ ಹಿಂದೆ ಇಟ್ಟು ಸರಿದೂಗಿಸಿದೆವು, ಆಕೆಗೆ ಪೂರ್ತಿ ಸಮಾಧಾನವಾಗಲಿಲ್ಲ.

ಚಿತ್ರಗಳ ಅಂಚಿನಲ್ಲೂ ಒಂದು ಕಿರಿಕಿರಿ ಇತ್ತು. ಆನೆ, ಛತ್ರಿ, ಗಡಿಯಾರಗಳ ಸುತ್ತ ಕೊಳಕು ಗೆರೆ. ಪಿಎನ್‌ಜಿಯಲ್ಲಿ ಪಾರದರ್ಶಕವಾದ ಪಿಕ್ಸೆಲ್ಲಿಗೂ ಒಂದು ಬಣ್ಣ ಅಡಗಿರುತ್ತದೆ, ಸಾಮಾನ್ಯವಾಗಿ ಕಪ್ಪು. ಬಣ್ಣ ಮತ್ತು ಪಾರದರ್ಶಕತೆಯನ್ನು ಬೇರ್ಪಡಿಸಿದಾಗ ಆ ಅಡಗಿದ ಕಪ್ಪು ಹೊರಬಂದು ಅಂಚಿನ ಚೌಕದ ಮೂಲ ಬಣ್ಣವನ್ನೇ ಕೆಡಿಸುತ್ತದೆ. ಚಿತ್ರದ ಅಂಚಿನ ಬಣ್ಣವನ್ನೇ ಕೆಲವು ಪಿಕ್ಸೆಲ್ ಹೊರಕ್ಕೆ ಚಾಚಿ, ಹಾಳೆಯಲ್ಲಿ ಚಿತ್ರ ಚಿತ್ರಗಳ ನಡುವೆ ನಾಲ್ಕರ ಲೆಕ್ಕದಲ್ಲಿ ಜಾಗ ಬಿಟ್ಟ ಮೇಲೆ ಗೆರೆ ಹೋಯಿತು.

ಫಾರ್ಮ್ಯಾಟಿನ ಕೆಲಸ ಇಲ್ಲಿಗೆ ಮುಗಿದಿತ್ತು, ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ ಪ್ರಶ್ನೆ. ‘ಅ’ ತೋರಿಸುವ ಪರದೆಗೆ ಆರೂ ಹಾಳೆಗಳು ಯಾಕೆ ಬೇಕು? ಹಾಳೆ ಜೋಡಿಸಿದ್ದು ಪ್ಯಾಕರ್. ಅದಕ್ಕೆ ಬೇಕಿರುವುದು ಜಾಗ ವ್ಯರ್ಥವಾಗಬಾರದು ಎಂಬುದಷ್ಟೇ. ಎತ್ತರದ ಚಿತ್ರಗಳನ್ನೆಲ್ಲ ಒಂದು ಕಡೆ, ಅಗಲದವನ್ನು ಇನ್ನೊಂದು ಕಡೆ ತುರುಕಿತ್ತು. ಹಾಗಾಗಿ ಅಗಸೆ ಮರ ಒಂದು ಹಾಳೆಯಲ್ಲಿ, ‘ಹಿಂದಕ್ಕೆ’ ಗುಂಡಿ ಇನ್ನೊಂದರಲ್ಲಿ, ಬಹುಮಾನದ ನಕ್ಷತ್ರ ಮತ್ತೊಂದರಲ್ಲಿ. ಹಾಳೆಯಲ್ಲಿ ಒಂದು ಚೂರು ಬೇಕಾದರೂ ಹಾಳೆ ಪೂರ್ತಿ ಬರಲೇಬೇಕು, ಒಂದು ಚಮಚ ಬೇಕೆಂದು ಅಡುಗೆಮನೆಯ ಸ್ಟ್ಯಾಂಡನ್ನೇ ಹೊತ್ತು ತಂದ ಹಾಗೆ.

ಹಾಳೆಗಳನ್ನು ಮತ್ತೆ ಕಟ್ಟಿದೆವು. ಗುಂಡಿ, ನಕ್ಷತ್ರ, ಕೈ ಗುರುತು ಮುಂತಾದ ಎಲ್ಲ ಕಡೆ ಬೇಕಾದವು ಒಂದು ಸಾಮಾನ್ಯ ಹಾಳೆಗೆ. ಉಳಿದವಕ್ಕೆ ವಿಂಗಡಣೆಯನ್ನು ನಾವು ಹುಡುಕಬೇಕಾಗಲೇ ಇಲ್ಲ, ವರ್ಣಮಾಲೆಯಲ್ಲೇ ಇತ್ತು. ಸ್ವರಕ್ಕೊಂದು, ಐದು ವರ್ಗಗಳಿಗೆ ಐದು, ಅವರ್ಗೀಯಕ್ಕೊಂದು. ಪ್ರತಿಯೊಂದನ್ನೂ 1024×1024ಕ್ಕೆ ಇಳಿಸಿದೆವು. ಚಿತ್ರಗಳನ್ನು ಟ್ಯಾಬ್ಲೆಟ್ ಲೆಕ್ಕದಲ್ಲಿ ಬಿಡಿಸಿದ್ದರು. 480 ಪಿಕ್ಸೆಲ್ ಎತ್ತರದ ತೆರೆಯಲ್ಲಿ 512 ಪಿಕ್ಸೆಲ್ಲಿನ ಆನೆ ಇಟ್ಟರೆ ಅರ್ಧ ಪಿಕ್ಸೆಲ್ಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅಗಲ ಎತ್ತರ ಅರ್ಧ ಮಾಡಿದರೆ ಮೆಮೊರಿ ಕಾಲುಭಾಗವಾಗುತ್ತದೆ. ಹಿನ್ನೆಲೆಯ ಚಿತ್ರಗಳಿಗೆ ಪಾರದರ್ಶಕತೆ ಬೇಡ, ಬರೀ ಆಕಾಶ ಬೆಟ್ಟ. 1024×512ರಲ್ಲಿ ಇಟಿಸಿ1 ಮಾಡಿ ಹಿಗ್ಗಿಸಿದರೆ ಒಂದಕ್ಕೆ 256 ಕೆಬಿ. ಕೊನೆಗೆ ಅಕ್ಷರದ ಪರದೆಯಲ್ಲಿ ಉಳಿದದ್ದು ಸಾಮಾನ್ಯ ಹಾಳೆ 1 ಎಂಬಿ, ವರ್ಗದ ಹಾಳೆ 1 ಎಂಬಿ, ಅಕ್ಷರದ ಹಾಳೆ 1 ಎಂಬಿ, ಹಿನ್ನೆಲೆ ಕಾಲು ಎಂಬಿ.

ಹಾಳೆ ಹೆಚ್ಚಾದದ್ದಕ್ಕೆ ಬೆಲೆ ಇಲ್ಲದಿಲ್ಲ. ಬಿಲ್ಲೆ ಸಾಮಾನ್ಯ ಹಾಳೆಯಿಂದ, ಅದರ ಮೇಲೆ ಅಕ್ಷರ ಬೇರೆ ಹಾಳೆಯಿಂದ, ಅದರ ಪಕ್ಕ ನಕ್ಷತ್ರ ಮತ್ತೆ ಸಾಮಾನ್ಯ ಹಾಳೆಯಿಂದ ಎಂದಾದರೆ ಚಿಪ್ಪು ಪ್ರತಿ ಸಲ ಹಾಳೆ ಬದಲಿಸಬೇಕು. ಡ್ರಾ ಕಾಲುಗಳು ದುಪ್ಪಟ್ಟಾದವು. ಬಿಲ್ಲೆಗಳನ್ನೆಲ್ಲ ಮೊದಲು, ಅಕ್ಷರಗಳನ್ನೆಲ್ಲ ಆಮೇಲೆ ಬಿಡಿಸುವಂತೆ ಕ್ರಮ ಬದಲಿಸಿ ಬಹುಪಾಲು ವಾಪಸ್ ಪಡೆದೆವು. ನೂರಾರು ಪಾತ್ರಗಳು ಒಟ್ಟಿಗೆ ಓಡಾಡುವ ಆಟವಾಗಿದ್ದರೆ ಈ ದಾರಿ ನಾನು ಹಿಡಿಯುತ್ತಿರಲಿಲ್ಲ.

ಆಮೇಲೂ ಒಂದು ವಿಚಿತ್ರ ಉಳಿದಿತ್ತು. ಕ ವರ್ಗದಿಂದ ಚ ವರ್ಗಕ್ಕೆ, ಅಲ್ಲಿಂದ ಟ ವರ್ಗಕ್ಕೆ ಹೋಗುತ್ತಾ ಹೋದಂತೆ ಮೆಮೊರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ಪರದೆ ಬದಲಾದಾಗ `Resources.UnloadUnusedAssets()` ಕರೆಯುತ್ತಿದ್ದೆವು. ಆದರೆ ಯಾರೂ ಹಿಡಿದುಕೊಂಡಿರದ ಹಾಳೆಯನ್ನು ಮಾತ್ರ ಅದು ಬಿಡುತ್ತದೆ. ಪ್ರೊಫೈಲರಿನಲ್ಲಿ ಕ ವರ್ಗದ ಹಾಳೆಯನ್ನು ಯಾರು ಹಿಡಿದಿದ್ದಾರೆಂದು ನೋಡಿದರೆ ಸ್ಟಿಕರ್ ಆಲ್ಬಮ್! ಮಗು ಗೆದ್ದ ಪ್ರತಿ ಚಿತ್ರವನ್ನೂ ಆಲ್ಬಮ್ ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಬೆರಳುಗುರಿನಷ್ಟು ಗಾತ್ರದ ಕಮಲಕ್ಕಾಗಿ ಕ ವರ್ಗದ ಹಾಳೆ ಪೂರ್ತಿ ಕೂತಿರುತ್ತಿತ್ತು. ಜಾಣ ಮಗು ಹೆಚ್ಚು ಗೆದ್ದಷ್ಟೂ ಆಟ ಭಾರವಾಗುತ್ತಿತ್ತು. ಆಲ್ಬಮ್ಮಿಗೇ 64 ಪಿಕ್ಸೆಲ್ಲಿನ ಪ್ರತಿಗಳ ಬೇರೆ ಹಾಳೆ ಮಾಡಿದೆವು. 512×512ರಲ್ಲಿ ಅಂಥ ಅರವತ್ತನಾಲ್ಕು ಹಿಡಿಯುತ್ತವೆ. ಯೋಗವಾಹಗಳೂ ಸೇರಿ ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರಗಳಿಗೆ ಒಂದೊಂದು ಸ್ಟಿಕರ್ ಇಟ್ಟರೂ ಮನೆ ಉಳಿಯುತ್ತವೆ. ಒಂದೇ ಚಿತ್ರ ಎರಡು ಕಡೆ ಇರುವುದು ವ್ಯರ್ಥವೆಂದು ಆರ್ಟಿಸ್ಟ್ ತಕರಾರು ತೆಗೆದರು. ಆ ಹಾಳೆಯ ತೂಕ 256 ಕೆಬಿ, ಅದು ಉಳಿಸಿದ್ದು ಹಲವು ಎಂಬಿ.

ಟ್ಯಾಬ್ಲೆಟ್ ಇದ್ದವರಿಗೆ ಅರ್ಧ ಗಾತ್ರದ ಚಿತ್ರ ಮಬ್ಬಾಗಿ ಕಾಣುತ್ತಿತ್ತು. ಅದಕ್ಕೆ ಎರಡು ಎಪಿಕೆ ಕಟ್ಟಿದೆವು. ದೊಡ್ಡ ಚಿತ್ರ ಮತ್ತು ಇಟಿಸಿ2 ಇರುವುದರ ಮ್ಯಾನಿಫೆಸ್ಟಿನಲ್ಲಿ ಈ ಸಾಲು:

```
<uses-feature android:glEsVersion="0x00030000"
              android:required="true" />
```

ಇಎಸ್ 3.0 ಇಲ್ಲದ ಫೋನಿಗೆ ಪ್ಲೇ ಸ್ಟೋರ್ ಇದನ್ನು ಕೊಡುವುದಿಲ್ಲ, ಸಣ್ಣದನ್ನು ಕೊಡುತ್ತದೆ. ಹೊಸ ಫೋನಿಗೆ ಎರಡೂ ಒಗ್ಗುವುದರಿಂದ ದೊಡ್ಡದರ ವರ್ಷನ್ ಕೋಡ್ ಹೆಚ್ಚಿರಬೇಕು. ಇಲ್ಲವಾದರೆ ಅದಕ್ಕೂ ಸಣ್ಣದೇ ಹೋಗುತ್ತದೆ.

ಈಗ ಮಾಲಿ-400 ಇರುವ ಫೋನು ಕಾಣಸಿಗುವುದು ಅಪರೂಪ, ಹೊಸ ಆಟಗಳಿಗೆ ನಾನು ಎಎಸ್‌ಟಿಸಿ ಬಳಸುತ್ತೇನೆ. ಅದರಲ್ಲಿ ಚೌಕದ ಗಾತ್ರ ನಮ್ಮ ಕೈಯಲ್ಲೇ ಇದೆ. ಯಾವ ಗಾತ್ರವಾದರೂ ಚೌಕಕ್ಕೆ ಹದಿನಾರು ಬೈಟ್. 4×4 ಆದರೆ ಪಿಕ್ಸೆಲ್ಲಿಗೆ ಒಂದು ಬೈಟ್, 6×6 ಆದರೆ ಅದರ ಅರ್ಧಕ್ಕಿಂತ ಕಡಿಮೆ, 8×8 ಆದರೆ ಕಾಲು. ಪಾರದರ್ಶಕತೆಗೆ ಎರಡನೇ ಹಾಳೆ ಬೇಡ. ಆನೆ, ಆಕಾಶಗಳಿಗೆ 8×8 ಹಾಕುತ್ತೇನೆ, ಮುಖಗಳಿಗೆ 6×6. ಅಕ್ಷರಗಳಿಗೆ 4×4 ಸಾಕೆಂದು ತಂಡದ ಹೊಸಬರು ಪ್ರತಿ ಸಲ ಹೇಳುತ್ತಾರೆ. ಠ ಅಕ್ಷರವನ್ನು 854×480ರ ತೆರೆಯಲ್ಲಿ ತೋರಿಸಿ ಆಮೇಲೆ ಮಾತಾಡೋಣ ಎನ್ನುತ್ತೇನೆ.